ಪದಚರ್ಚೆ: ನಕಾಶೆಯಲ್ಲಿ ‘ಒತ್ತಕ್ಷರ ಒಡೆಯುತ್ತದೆ’ ಅನ್ನಬಹುದೇ?

ಕೇಳಿದವರು: ನಕಾಶೆ ಮಾಡುತ್ತಿರುವವಳು, ಗದಗ

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಗೋಡೆ ನಕಾಶೆಯೊಂದನ್ನು ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ಊರಿನ ಹೆಸರು ಮೇಲೆ ಕನ್ನಡದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ. ಮುಂದೆ ಇದೇ ಕೆಲಸ ಮಾಡುವ ಹುಡುಗರಿಗೆಂದು ನಾಲ್ಕು ಪುಟದ ಕೈಪಿಡಿಯನ್ನೂ ಬರೆಯುತ್ತಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ಕೈಪಿಡಿಯಲ್ಲಿ ‘ಕೆಲವೊಮ್ಮೆ ಒತ್ತಕ್ಷರ ಒಡೆಯುತ್ತದೆ’ ಎಂದು ಬರೆದಿದ್ದೆ. ಓದಿದವರೊಬ್ಬರು, ‘ಗಾಜು ಒಡೆಯುತ್ತದೆ, ಹಾಲು ಒಡೆಯುತ್ತದೆ, ಅಕ್ಷರ ಒಡೆಯೋದು ಅಂದ್ರೇನು?’ ಎಂದು ಕೇಳಿದರು. ನನಗೆ ಆಗಿರುವುದು ಇಷ್ಟು. ತಾಲ್ಲೂಕುಗಳ ಪದರದಲ್ಲಿ ‘ಲಕ್ಷ್ಮೇಶ್ವರ’ ಸರಿಯಾಗಿದೆ. ಊರುಗಳ ಪದರದಲ್ಲಿ ಅದೇ ಹೆಸರು ‘ಲಕ್‌ಷ್ಮೇಶ್ವರ’ ಎಂದು ಕಾಣುತ್ತದೆ. ನದಿಯ ಬಳುಕಿನ ಜೊತೆ ಬರೆಸಿದ ‘ತುಂಗಭದ್ರಾ’, ‘ತುಂಗಭದ್‌ರಾ’ ಆಗಿದೆ. ಇನ್ನು, ನನ್ನ ಪರದೆಯ ಮೇಲೆ ಚೆನ್ನಾಗಿದ್ದ ಪಿಡಿಎಫ್ ಮುದ್ರಣದವರ ಪ್ರೂಫ್‌ನಲ್ಲಿ ಊರಿಗೆ ಊರೇ ಹೀಗೆ ಬಂದಿದೆ. ಮೂರಕ್ಕೂ ‘ಒಡೆಯುತ್ತದೆ’ ಅಂದರೆ ಸಾಕೇ?

ಇನ್ನೊಂದು. ‘ಲೇಬಲ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯಲಿ?

ನಿವೃತ್ತ ಕನ್ನಡ ಮೇಷ್ಟ್ರು, ಶಿವಮೊಗ್ಗ

ಒತ್ತಕ್ಷರ ಎಂಬ ಮಾತು ಸರಿಯಾಗಿದೆ, ಬಿಡಬೇಡಿ. ಪಾಠದ ಪುಸ್ತಕದಲ್ಲಿ ಸಂಯುಕ್ತಾಕ್ಷರ ಅನ್ನುತ್ತೇವೆ, ಮಕ್ಕಳ ಬಾಯಲ್ಲಿ ಅದು ಒತ್ತಕ್ಷರವೇ. ಒತ್ತು ಬೇರೆ, ಒತ್ತಕ್ಷರ ಬೇರೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಕೆಳಗೆ ತೂಗುವುದು ಒತ್ತು, ಅದು ಸೇರಿದ ಇಡೀ ಅಕ್ಷರ ಒತ್ತಕ್ಷರ.

‘ಒಡೆಯುತ್ತದೆ’ ನನಗೂ ಹಿಡಿಸಲಿಲ್ಲ. ತರಗತಿಯಲ್ಲಿ ‘ಕ್ಷ್ಮೇ ಬಿಡಿಸಿ ಬರಿ’ ಅಂದರೆ ಮಕ್ಕಳು ಕ್ + ಷ್ + ಮ್ + ಏ ಎಂದು ಬರೆಯುತ್ತಾರೆ. ನಿಮ್ಮ ಯಂತ್ರವೂ ಕೇಳದೇ ಬಿಡಿಸಿ ಬರೆಯುತ್ತಿದೆ, ಅಷ್ಟೇ. ಹಾಗಾಗಿ ‘ಒತ್ತಕ್ಷರ ಬಿಡಿಯಾಗುತ್ತದೆ’ ಅನ್ನಿ. ಅಂದಹಾಗೆ ಇದು ಫಾಂಟ್‌ನ ತಪ್ಪು. ಒಳ್ಳೆಯ ಫಾಂಟ್ ಹಾಕಿ, ಮೂರೂ ಸರಿಹೋಗುತ್ತವೆ.

ಲೇಬಲ್‌ಗೆ ‘ಹೆಸರುಚೀಟಿ’ ಚೆನ್ನಾಗಿದೆ.

ದತ್ತಾಂಶ ನಮೂದಿಸುವ ಕೆಲಸದವರು, ಹಾವೇರಿ

ಮೇಡಂ, ನಮಗೂ ಇದೇ ಆಗಿತ್ತು. ಹಳೆಯ ಊರುಪಟ್ಟಿಯನ್ನು ತೆರೆದರೆ ‘ಕನ್ನಡ’ ಇರಬೇಕಾದ ಕಡೆ ‘PÀ£ÀßqÀ’ ಅಂತ ಬರುತ್ತಿತ್ತು. ನಾವು ‘ನುಡಿ’ ತಂತ್ರಾಂಶದ ಫಾಂಟ್ ಹಾಕಿದ ಕೂಡಲೇ ಸರಿಯಾಯಿತು. ನೀವೂ ಅದನ್ನೇ ಮಾಡಿ. ಪದ ಬೇಕೆಂದರೆ ನಮ್ಮಲ್ಲಿ ‘ಅಕ್ಷರ ಕೆಟ್ಟಿದೆ’ ಅನ್ನುತ್ತೇವೆ.

ನಕಾಶೆಯ ಕೆಲಸ ಹದಿನೈದು ವರ್ಷ ಮಾಡಿದವರು, ಮೈಸೂರು

ಹಾವೇರಿಯವರು ಹೇಳಿದ್ದು ನಿಜ, ಆದರೆ ಅದು ಬೇರೆ ರೋಗ. ‘PÀ£ÀßqÀ’ ಎಂದು ಕಂಡರೆ ಅಲ್ಲಿ ಕನ್ನಡದ ಸಂಕೇತಗಳೇ ಇಲ್ಲ, ನುಡಿಯ ಹಳೆಯ ಬಗೆಯಲ್ಲಿ ಒತ್ತಿದ ಲ್ಯಾಟಿನ್ ಚಿಹ್ನೆಗಳಿವೆ. ಆ ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಕೆಳಗಿನ ಇಂಗ್ಲಿಷ್ ಸಾಲಿಗೂ ಅದೇ ಫಾಂಟ್ ತಗುಲಿ ಅದು ಹಾಳಾಗುತ್ತದೆ. ಎರಡು ಭಾಷೆಯ ನಕಾಶೆಗೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ‘à²•à²¨’ ಎಂದು ‘à²’ ಮತ್ತೆ ಮತ್ತೆ ಕಂಡರೆ ಅದು ಮೂರನೆಯ ರೋಗ. ಅಲ್ಲಿ ಕನ್ನಡ ಸರಿಯಾಗೇ ಇದೆ, ಶೇಪ್‌ಫೈಲನ್ನು ಯುಟಿಎಫ್-8 ಎಂದು ಓದಿಸಿಲ್ಲ ಅಷ್ಟೇ. ಇವೆರಡಕ್ಕೆ ‘ಅಕ್ಷರ ಕೆಟ್ಟಿದೆ’ ಅನ್ನೋಣ. ಗದಗದವರ ಅಕ್ಷರ ಕೆಟ್ಟಿಲ್ಲ.

ಮೇಷ್ಟ್ರೇ, ಎಲ್ಲವೂ ಫಾಂಟ್‌ನ ತಪ್ಪು ಅನ್ನುವುದನ್ನು ಒಪ್ಪಲಾರೆ. ಒಂದೇ ಯಂತ್ರದಲ್ಲಿ, ಒಂದೇ ಫಾಂಟ್‌ನಲ್ಲಿ ಒಂದು ‘ಲಕ್ಷ್ಮೇಶ್ವರ’ ಸರಿ, ಇನ್ನೊಂದು ತಪ್ಪು. ಫಾಂಟ್ ಕಾರಣವಾಗಿದ್ದರೆ ಎರಡೂ ಕೆಡಬೇಕಿತ್ತಲ್ವಾ? ದೋಷ ಇರುವುದು ಅಕ್ಷರಗಳ ನಡುವೆ.

ಎಣಿಸಿ ನೋಡಿ. ನಮ್ಮ ಕಣ್ಣಿಗೆ ಲಕ್ಷ್ಮೇಶ್ವರ ನಾಲ್ಕು ಅಕ್ಷರ: ಲ, ಕ್ಷ್ಮೇ, ಶ್ವ, ರ. ಯಂತ್ರಕ್ಕೆ ಅದು ಹನ್ನೊಂದು ಸಂಕೇತ: ಲ, ಕ, ಹಲಂತ, ಷ, ಹಲಂತ, ಮ, ಏತ್ವ, ಶ, ಹಲಂತ, ವ, ರ. ಕನ್ನಡ ಹೆಸರಿರುವ ಕಾಲಂ `name_kn` ಆಗಿದ್ದರೆ, ಊರುಗಳ ಪದರದಲ್ಲಿ `length("name_kn")` ಕೊಟ್ಟು ನೋಡಿ. 12 ಬಂದರೆ ಮೊದಲ ಹಲಂತದ ಪಕ್ಕದಲ್ಲಿ ಕಾಣದ ಸಂಕೇತವೊಂದು ಕೂತಿದೆ. ‘ಇಲ್ಲಿ ಒತ್ತು ಕೂಡಿಸಬೇಡ’ ಎಂದು ಹೇಳುವ ಸಂಕೇತ ಅದು, ಸಂಖ್ಯೆ 8204. ಅಂಥ ಹೆಸರುಗಳನ್ನೆಲ್ಲ ಹೀಗೆ ಆರಿಸಬಹುದು:

```
"name_kn" LIKE '%' || char(8204) || '%'
```

ಆರಿಸಿದ ಮೇಲೆ ಒಂದೊಂದನ್ನೂ ನೋಡಿ. ಕಣ್ಣುಮುಚ್ಚಿ ಎಲ್ಲವನ್ನೂ ಅಳಿಸಬೇಡಿ. ‘ಬಸ್‌ಸ್ಟ್ಯಾಂಡ್’, ‘ರಾಜ್‌ಕುಮಾರ್ ರಸ್ತೆ’ ಇಂಥವಕ್ಕೆ ಆ ಸಂಕೇತ ಬೇಕೇ ಬೇಕು. ಇಲ್ಲದಿದ್ದರೆ ರಾಜ್ಕುಮಾರ್ ಆಗಿಬಿಡುತ್ತದೆ. ನಾನೊಮ್ಮೆ ಒಂದೇ ಏಟಿಗೆ ಅಳಿಸಿ, ಒಂದು ಊರಿನ ಬೀದಿಗಳನ್ನೆಲ್ಲ ಮತ್ತೆ ಟೈಪ್ ಮಾಡಿದ್ದೇನೆ. ಬೇಡದವುಗಳನ್ನು ಮಾತ್ರ ಆರಿಸಿಟ್ಟು, ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಇದನ್ನು ಕೊಡಿ:

```
replace("name_kn", char(8204), '')
```

ನದಿಯ ಹೆಸರಿನ ಕತೆಯೇ ಬೇರೆ. ಹೆಸರು ಇಡುವ ಬಗೆಯನ್ನು `Curved` ಎಂದು ಇಟ್ಟಾಗ ತಂತ್ರಾಂಶ ಪದವನ್ನು ತುಂಡುಮಾಡಿ, ಒಂದೊಂದೇ ತುಂಡನ್ನು ಗೆರೆಯ ಬಳುಕಿಗೆ ತಕ್ಕಂತೆ ತಿರುಗಿಸಿ ಕೂರಿಸುತ್ತದೆ. ನಾನು ಬಳಸಿದ ಆವೃತ್ತಿಗಳಲ್ಲಿ ಕನ್ನಡದ ತುಂಡು ಬೀಳುವುದು ಹಲಂತ ಮುಗಿದ ಕೂಡಲೇ. ಆಗ ಭದ್ರಾ ‘ಭ’, ‘ದ್’, ‘ರಾ’ ಎಂದು ಮೂರಾಗುತ್ತದೆ. ಬೇರೆ ತುಂಡಿಗೆ ಹೋದ ರ ಒತ್ತಾಗಲು ಸಾಧ್ಯವೇ ಇಲ್ಲ. ಇಲ್ಲಿ ಯಾವ ಫಾಂಟ್ ಹಾಕಿದರೂ ಅಷ್ಟೇ. `Parallel` ಇಟ್ಟರೆ ಪದವಿಡೀ ಒಂದೇ ತುಂಡಾಗಿ, ಗೆರೆಯ ಓರೆಗೆ ನೇರವಾಗಿ ಕೂರುತ್ತದೆ. ಬಳುಕು ಹೋಗುತ್ತದೆ, ಒತ್ತು ಉಳಿಯುತ್ತದೆ. ನಿಮ್ಮ ಜಿಲ್ಲೆಯಲ್ಲಿ ಮಲಪ್ರಭಾ, ಬೆಣ್ಣೆಹಳ್ಳ ಎಲ್ಲಕ್ಕೂ ಒತ್ತು ಇರುವುದರಿಂದ ಬೇರೆ ದಾರಿಯಿಲ್ಲ.

ಪ್ರೂಫ್‌ನದು ಮೂರನೆಯ ಬಗೆ. ಪಿಡಿಎಫ್ ಮಾಡುವಾಗ `Text export` ಎಂಬ ಕಡೆ ಏನಿತ್ತು ನೋಡಿ. `Always Export Text as Text Objects` ಇದ್ದರೆ ಅಕ್ಷರ ಅಕ್ಷರವಾಗಿಯೇ ಹೋಗುತ್ತದೆ. ಮುದ್ರಣದವರು ಬಣ್ಣ ತಿದ್ದಲು ಅದನ್ನು ತಮ್ಮ ತಂತ್ರಾಂಶದಲ್ಲಿ ತೆರೆದಾಗ, ಆ ತಂತ್ರಾಂಶ ಸಾಲನ್ನು ಹೊಸದಾಗಿ ಜೋಡಿಸಲು ಹೋಗುತ್ತದೆ. ಅದಕ್ಕೆ ಒತ್ತು ಕೂಡಿಸುವುದು ಗೊತ್ತಿಲ್ಲದಿದ್ದರೆ ಹೀಗೇ ಆಗುವುದು. `Always Export Text as Paths (Recommended)` ಇಟ್ಟರೆ ಅಕ್ಷರ ಬರೀ ಗೆರೆಯ ಚಿತ್ರವಾಗಿ ಹೋಗುತ್ತದೆ, ಯಾರೂ ಬಿಡಿಸಲಾರರು. ಕಳಿಸುವ ಮುಂಚೆ ಪಿಡಿಎಫ್ ತೆರೆದು ಊರಿನ ಹೆಸರಿನ ಮೇಲೆ ಮೌಸ್ ಎಳೆಯಿರಿ. ಪದ ಆಯ್ಕೆಯಾದರೆ ಅದಿನ್ನೂ ಅಕ್ಷರ. ಆಗದಿದ್ದರೆ ಚಿತ್ರ.

ಪದದ ಬಗ್ಗೆ ನನ್ನ ಮಾತು ಇಷ್ಟೇ. ಮೂರಕ್ಕೂ ‘ಬಿಡಿಯಾಗುತ್ತದೆ’ ಅನ್ನಿ, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿ ಬಿಡಿಯಾಯಿತು ಎಂಬುದೂ ಜೊತೆಗಿರಲಿ: ಟೈಪಿಂಗ್‌ನಲ್ಲೋ, ಗೆರೆಯ ಮೇಲೋ, ಪಿಡಿಎಫ್‌ನಲ್ಲೋ. ಇಲ್ಲದಿದ್ದರೆ ಹುಡುಗರು ಸುಮ್ನೆ ಫಾಂಟ್ ಬದಲಿಸುತ್ತಾ ಕೂರುತ್ತಾರೆ.

ಹಿಂದೆ ಮುದ್ರಣಾಲಯ ನಡೆಸುತ್ತಿದ್ದವರು, ಹುಬ್ಬಳ್ಳಿ

ಮೈಸೂರಿನವರು ತಪ್ಪನ್ನೆಲ್ಲ ನಮ್ಮ ಕಡೆಗೆ ತಳ್ಳಿದಂತಿದೆ, ಇರಲಿ. ಚಿತ್ರ ಮಾಡಿ ಕಳಿಸಿದರೆ ನಮಗೂ ಒಂದು ತೊಂದರೆ ಇದೆ. ಪ್ರೂಫ್‌ನಲ್ಲಿ ‘ಶಿರಹಟ್ಟಿ’ ತಪ್ಪಾಗಿದ್ದರೆ ನಾವು ತಿದ್ದಲು ಆಗುವುದಿಲ್ಲ, ಮತ್ತೆ ನಿಮ್ಮಿಂದಲೇ ಹೊಸ ಕಡತ ಬರಬೇಕು. ಆ ಪಿಡಿಎಫ್‌ನಲ್ಲಿ ಊರು ಹುಡುಕಲೂ ಆಗುವುದಿಲ್ಲ.

ಪದದ ವಿಚಾರ. ಮೊಳೆ ಜೋಡಿಸುವ ಕಾಲದಲ್ಲಿ ನಮ್ಮಲ್ಲಿ ಒತ್ತಿಗೆ ಬೇರೆ ಮೊಳೆ ಇರುತ್ತಿತ್ತು. ಅದು ಅಲುಗಿ ಪಕ್ಕಕ್ಕೆ ಹೋದರೆ ‘ಒತ್ತು ಜಾರಿದೆ’, ಇಲ್ಲವೇ ಇಲ್ಲದಿದ್ದರೆ ‘ಒತ್ತು ಬಿದ್ದಿದೆ’ ಅನ್ನುತ್ತಿದ್ದೆವು. ಇಲ್ಲಿ ಆಗಿರುವುದು ಎರಡೂ ಅಲ್ಲ. ಒತ್ತು ಎದ್ದು ಸಾಲಿನಲ್ಲಿ ನಿಂತುಬಿಟ್ಟಿದೆ! ಅದಕ್ಕೆ ನಮ್ಮ ಬಳಿ ಮಾತಿರಲಿಲ್ಲ. ಸೀಸದ ಮೊಳೆ ಹಾಗೆ ಮಾಡುತ್ತಿರಲಿಲ್ಲ.

ಗದಗದಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಊರುಗಳ ಪದರದಲ್ಲಿ 12 ಬಂತು ಸರ್! ಆರಿಸಿದಾಗ ಒಂಬತ್ತು ಹೆಸರು ಸಿಕ್ಕವು, ಏಳನ್ನು ತಿದ್ದಿದೆ, ಎರಡನ್ನು ಹಾಗೇ ಬಿಟ್ಟೆ. ನದಿಗಳನ್ನು ನೇರ ಮಾಡಿದೆ. ತುಂಗಭದ್ರಾ ಮುಂಡರಗಿಯ ಕೆಳಗೆ ಸ್ವಲ್ಪ ನೇರ ಹರಿಯುವ ಕಡೆ ಕೂತಿದೆ, ಕೆಟ್ಟದಾಗೇನೂ ಕಾಣುವುದಿಲ್ಲ. ಮುದ್ರಣಕ್ಕೆ ಚಿತ್ರವಾಗಿ ಒಂದು ಪಿಡಿಎಫ್, ಹುಡುಕಲು ಅಕ್ಷರವಿರುವ ಇನ್ನೊಂದು.

ಎರಡು ಸಾಲಿನ ಹೆಸರಿಗೆ ನಾನು ಬಳಸಿದ್ದು ಇದು. ಕನ್ನಡ ಹೆಸರು ಇಲ್ಲದ ಊರಿನಲ್ಲಿ ಖಾಲಿ ಸಾಲು ಬರುವುದಿಲ್ಲ, ಇಂಗ್ಲಿಷ್ ಮಾತ್ರ ಬರುತ್ತದೆ:

```
coalesce("name_kn" || '\n', '') || coalesce("name_en", '')
```

ಮೊದಲು ನಡುವೆ ಬರೀ `||` ಇಟ್ಟಿದ್ದೆ. ಎರಡರಲ್ಲಿ ಒಂದು ಖಾಲಿ ಇದ್ದರೂ ಇಡೀ ಹೆಸರೇ ಮಾಯವಾಗುತ್ತಿತ್ತು. ಜೊತೆಗೆ ಕ್ಷ್ಮೇಯ ಕೆಳಗೆ ತೂಗುವ ಮ ಒತ್ತು ಇಂಗ್ಲಿಷ್ ಸಾಲಿನ ನೆತ್ತಿಗೆ ತಾಗುತ್ತಿತ್ತು. `Line height` ಅನ್ನು 1ರಿಂದ 1.3ಕ್ಕೆ ಏರಿಸಿದ ಮೇಲೆ ಬಿಟ್ಟಿತು. ಫಾಂಟ್ ನೋಟೊ ಸಾನ್ಸ್ ಕನ್ನಡ. ಇದನ್ನು ಕಡ್ಡಾಯವಾಗಿ ಹೆಸರಿಸಿ ಆರಿಸಿ ಎಂದು ಕೈಪಿಡಿಯಲ್ಲಿ ಬರೆದಿದ್ದೇನೆ. ಕನ್ನಡವೇ ಇಲ್ಲದ ಫಾಂಟ್ ಇಟ್ಟರೂ ಕನ್ನಡ ಕಾಣುತ್ತದೆ, ಏಕೆಂದರೆ ಯಂತ್ರ ತನ್ನಲ್ಲಿರುವ ಯಾವುದೋ ಒಂದನ್ನು ಎರವಲು ತರುತ್ತದೆ. ಪಕ್ಕದ ಯಂತ್ರದಲ್ಲಿ ಬೇರೆಯದು ಬಂದು ಹೆಸರಿನ ಅಗಲವೇ ಬದಲಾಗುತ್ತದೆ. ಇಷ್ಟರ ಮಟ್ಟಿಗೆ ಮೇಷ್ಟ್ರ ಮಾತು ನಿಜ.

ಕೈಪಿಡಿಯಲ್ಲಿ ಈಗ ‘ಅಕ್ಷರ ಕೆಟ್ಟಿದ್ದರೆ’, ‘ಒತ್ತಕ್ಷರ ಬಿಡಿಯಾಗಿದ್ದರೆ’ ಎಂದು ಎರಡು ತಲೆಬರಹ ಇಟ್ಟಿದ್ದೇನೆ. ಹೆಸರುಚೀಟಿ ಮಾತ್ರ ಬೇಡವೆನಿಸಿತು. ನಕಾಶೆಯ ಮೇಲೆ ಅಂಟಿಸಿದ ಚೀಟಿ ಏನೂ ಇಲ್ಲವಲ್ಲ. ಸದ್ಯಕ್ಕೆ ಲೇಬಲ್ ಎಂದೇ ಇದೆ.

ಮೇಷ್ಟ್ರು

ಸರಿ, ಒಪ್ಪಿದೆ. ಆದರೆ ‘ಲೇಬಲ್‌ಗಳು’ ಎಂದು ಬರೆಯುವಾಗ ಲ ಮತ್ತು ಗ ನಡುವೆಯೂ ಆ 8204 ಹಾಕಬೇಕಲ್ಲ? ‘ಹೆಸರು’ ಅಂತಲೇ ಇಟ್ಟಿದ್ದರೆ ಆ ಗೋಜೂ ಇರುತ್ತಿರಲಿಲ್ಲ.