‘ತೀರದ ಮಾತು’: ಎರಡರ್ಥ ನಿಲ್ಲುವುದೆಲ್ಲಿ?

ಕಾರವಾರದಿಂದ:
ಕಾಳಿ ನದಿ ಕಡಲು ಸೇರುವಲ್ಲಿನ ಮೀನುಗಾರರನ್ನು ಕುರಿತ ಪದ್ಯವೊಂದರ ಕೊನೆ ಹೀಗಿದೆ:

ಮೀನು ಮಾರಿದ್ದಾಯಿತು, ಬಲೆ ಹರವಿದ್ದಾಯಿತು,
ಕಾಳಿಯ ತೀರದ ಮಾತು ಉಳಿಯಿತು.

‘ತೀರದ’ ಎಂಬಲ್ಲಿ ‘ದಡದ’, ‘ಮುಗಿಯದ’ ಎಂಬ ಎರಡೂ ಅರ್ಥಗಳನ್ನು ಬೇಕೆಂದೇ ಇಟ್ಟಿದ್ದೇನೆ. ಓದಿದವರಿಗೆ ದಡವಷ್ಟೇ ಕಾಣುತ್ತಿದೆ. ಶ್ಲೇಷೆಯ ಸುಳಿವಾಗಲೆಂದು ಮೇಲೆ ‘ತೆರೆ ಸರಿಯಿತು’ ಎಂದು ಸೇರಿಸಿದರೆ ಪದ್ಯ ಒಗಟಾಗುತ್ತದೆ. ಸರಿಪಡಿಸುವುದು ಹೇಗೆ?

ಕುಮಟಾದಿಂದ:
ದ್ವಂದ್ವಾರ್ಥವನ್ನು ನಾನು ಒಪ್ಪುವುದಿಲ್ಲ. ನಮ್ಮ ಊರಿನ ಆಟಗಳಲ್ಲಿ ಹಾಸ್ಯಗಾರರು ಅದನ್ನು ಅತಿಯಾಗಿ ಬಳಸಿದಾಗ ಹೆಂಗಸರು, ಮಕ್ಕಳು ಕೂತು ನೋಡುವಂತಿರುವುದಿಲ್ಲ.

ಹೊನ್ನಾವರದಿಂದ:
ಪ್ರಶ್ನೆ ಅದಲ್ಲ ಸ್ವಾಮಿ, ಇದು ಶುದ್ಧ ಶ್ಲೇಷೆಯ ವಿಚಾರ. ತೊಂದರೆ ಇರುವುದು ‘ಕಾಳಿಯ’ ಎಂಬ ಪದದಲ್ಲಿ. ಅದನ್ನು ತೆಗೆದು ‘ಎಷ್ಟಾಡಿದರೂ ತೀರದ ಮಾತು’ ಎಂದರೆ ಎರಡೂ ಅರ್ಥ ಸಿಗುತ್ತವೆ. ಪದವನ್ನು ಒಡೆಯಬೇಕಿಲ್ಲವಾದ್ದರಿಂದ ಇದು ಅಭಂಗ ಶ್ಲೇಷೆ.

ಶಿರಸಿಯಿಂದ:
‘ಕಾಳಿಯ’ ಎಂಬುದರ ಬಗ್ಗೆ ಹೊನ್ನಾವರದವರು ಹೇಳಿದ್ದು ಸರಿ, ಆದರೆ ‘ಎಷ್ಟಾಡಿದರೂ’ ಬಂದೊಡನೆ ದಡವೇ ಮಾಯವಾಗುತ್ತದೆ. ಪಕ್ಕದ ಪದ ಒಂದೇ ಅರ್ಥವನ್ನು ಬಿಗಿಯಾಗಿ ಹಿಡಿದರೆ ಇನ್ನೊಂದು ಸಾಯುತ್ತದೆ. ಅಲ್ಲದೆ ‘ಕಾಳಿಯ ತೀರದ ಮಾತು’ ಎಂಬುದನ್ನು ನದಿಯೇ ಆಡುವ ಮುಗಿಯದ ಮಾತು ಎಂದೂ ಓದಬಹುದು, ಅದು ಕವಿಗೆ ಬೇಕಿರಲಿಲ್ಲ. ‘ತೀರದಲ್ಲಿ’ ಎಂದರೆ ದಡ ಮಾತ್ರ, ‘ತೀರದು’ ಎಂದರೆ ಕ್ರಿಯೆ ಮಾತ್ರ. ಎರಡೂ ಕೂಡುವುದು ‘ತೀರದ’ ಎಂಬ ರೂಪದಲ್ಲಿ, ಅದೂ ಮುಂದೆ ನಾಮಪದವಿದ್ದಾಗ. ಹಾಗಾಗಿ ಆ ಜಾಗವನ್ನು ಮುಟ್ಟದೆ, ದಡದ ಸುಳಿವನ್ನೂ ಮಾತಿನ ಸುಳಿವನ್ನೂ ಸ್ವಲ್ಪ ದೂರದಲ್ಲಿ ಇಡಬೇಕು:

ಅಳಿವೆಯಲಿ ದೋಣಿ ನಿಂತವು, ಮೀನು ಮಾರಿದ್ದಾಯಿತು,
ಆಡಿ ಎದ್ದು ಹೋದರು, ತೀರದ ಮಾತು ಉಳಿಯಿತು.

‘ದಡದ ಮಾತು ಉಳಿಯಿತು’, ‘ಮುಗಿಯದ ಮಾತು ಉಳಿಯಿತು’ ಎಂದು ಬದಲಿಸಿ ಓದಿ ನೋಡಿ: ಎರಡು ವಾಕ್ಯಗಳೂ ಪೂರ್ಣವಾಗಿ ನಿಲ್ಲುತ್ತವೆ, ಆದ್ದರಿಂದ ಒಂದೇ ಅರ್ಥ ಹೊಳೆದವರೂ ಎಡವುವುದಿಲ್ಲ. ‘ತೆರೆ’ ಇಲ್ಲಿ ಹಾಗಲ್ಲ. ಪರದೆ ಎಂಬ ಅರ್ಥಕ್ಕೆ ರಂಗಸ್ಥಳ ಬೇಕು, ಪದ್ಯದಲ್ಲಿ ಅದಿಲ್ಲ. ಓದುಗರು ಇಲ್ಲದ ನಾಟಕವನ್ನು ಹುಡುಕತೊಡಗುತ್ತಾರೆ. ಇನ್ನು ‘ತೀರ’ ಸಂಸ್ಕೃತದಿಂದ ಬಂದ ನಾಮಪದ, ‘ತೀರು’ ಕನ್ನಡದ ಧಾತು. ಪ್ರಕೃತಿಯೂ ಪ್ರತ್ಯಯವೂ ಬೇರೆಯಾಗುವುದರಿಂದ ನಾನು ಇದನ್ನು ಸಭಂಗವೆನ್ನುತ್ತೇನೆ.

ಹೊನ್ನಾವರದಿಂದ:
ಕಿವಿಗೆ ಒಂದೇ ಪದವಾಗಿ ಕೇಳುವಾಗ ಸಭಂಗವೆನ್ನಲು ನನಗೆ ಮನಸ್ಸಿಲ್ಲ. ಸಾಲುಗಳು ಮಾತ್ರ ಚೆನ್ನಾಗಿ ಕೂತಿವೆ.

ಕಾರವಾರದಿಂದ:
ಬದಲಾವಣೆಯನ್ನು ಒಪ್ಪಿದ್ದೇನೆ. ಒಂದು ಸಂದೇಹ ಉಳಿದಿದೆ. ಕರಾವಳಿಯವರಿಗೆ ‘ಅಳಿವೆ’ ಎಂದರೆ ಹೊಳೆ ಕಡಲು ಸೇರುವ ಬಾಯಿ. ಆ ಪದವನ್ನು ಕೇಳಿರದ ಬಯಲುಸೀಮೆಯ ಓದುಗರು ಅದರಲ್ಲಿ ‘ಅಳಿವು’ ಎಂಬುದನ್ನೇ ಕೇಳಿ, ಕೊನೆಯ ‘ಉಳಿಯಿತು’ ಎಂಬುದಕ್ಕೆ ಜೋಡಿಸಿಕೊಳ್ಳಬಹುದಲ್ಲವೇ? ‘ಅಳಿವೆ’ಯನ್ನು ಹಾಗೆಯೇ ಬಿಡಬೇಕೋ, ‘ಹೊಳೆಬಾಯಿ’ ಎಂದು ಬದಲಿಸಬೇಕೋ, ಬಲ್ಲವರು ತಿಳಿಸಬೇಕು.