ಗೃಹಸಾಲದ ‘ಅಮಾರ್ಟೈಸೇಶನ್ ಷೆಡ್ಯೂಲ್’ಗೆ ಕನ್ನಡದಲ್ಲಿ ಏನನ್ನೋಣ?

ಕೊಪ್ಪಳದಿಂದ:
ನಮಸ್ಕಾರ. ಚಿಕ್ಕಪ್ಪನ ಗೃಹಸಾಲದ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಸಾಲ 20 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 9, ಅವಧಿ 20 ವರ್ಷ, ತಿಂಗಳ ಕಂತು 17,995 ರೂಪಾಯಿ. ತಲೆಬರಹಕ್ಕೆ ‘ಮರುಪಾವತಿ ವೇಳಾಪಟ್ಟಿ’ ಎಂದು ಬರೆದೆ. ಚಿಕ್ಕಪ್ಪ ಓದಿ, ‘ಯಾವಾಗ ಕಟ್ಟಬೇಕು ಅನ್ನೋದು ತಿಳೀತು. ಮೊದಲ ಕಂತಲ್ಲಿ ಅಸಲಿಗೆ ಬರೀ 2,995 ಹೋಗಿದೆಯಲ್ಲ, ಅದ್ಯಾಕೆ?’ ಎಂದರು. ಆ ಪಟ್ಟಿ ಇರುವುದೇ ಪ್ರತಿ ಕಂತಿನಲ್ಲಿ ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು ಹೋಗುತ್ತದೆ ಎಂದು ತೋರಿಸಲು. ಅದು ಹೆಸರಲ್ಲೇ ಕಾಣುವಂಥ ಪದ ಇದೆಯಾ?

ರಾಯಚೂರಿನಿಂದ:
‘ಸವಕಳಿ ಪಟ್ಟಿ’ ಅನ್ನಿ. ಲೆಕ್ಕಪತ್ರದಲ್ಲಿ ಅಮಾರ್ಟೈಸೇಶನ್ ಅಂದರೆ ಬೆಲೆಯನ್ನು ವರ್ಷವರ್ಷ ಕಳೆಯುತ್ತಾ ಹೋಗುವುದು. ಬ್ಯಾಂಕಿನವರು 20 ವರ್ಷದ ಬಡ್ಡಿಯನ್ನೆಲ್ಲ ಮೊದಲೇ ವಸೂಲಿ ಮಾಡಿಕೊಳ್ಳುತ್ತಾರೆ, ಅದಕ್ಕೇ ಅಸಲು ಕಮ್ಮಿ.

ಬಳ್ಳಾರಿಯಿಂದ:
ಸವಕಳಿ ಅಂದರೆ ನಮ್ಮವರಿಗೆ ಯಂತ್ರ, ವಾಹನ ನೆನಪಾಗುತ್ತದೆ. ಸಾಲಕ್ಕೆ ಹೊಂದುವುದಿಲ್ಲ. ಬಡ್ಡಿಯನ್ನು ಮೊದಲೇ ತೆಗೆದುಕೊಳ್ಳುತ್ತಾರೆ ಎನ್ನುವುದೂ ಸರಿಯಲ್ಲ. ಆಯಾ ತಿಂಗಳು ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ. 20 ಲಕ್ಷಕ್ಕೆ ಶೇ. 9ರಂತೆ ವರ್ಷಕ್ಕೆ 1,80,000, ತಿಂಗಳಿಗೆ 15,000. ಕಂತಿನಲ್ಲಿ ಅದನ್ನು ಕಳೆದರೆ ಉಳಿಯುವುದೇ ಆ 2,995. ಮುಂದಿನ ತಿಂಗಳು 19,97,005ಕ್ಕೆ ಬಡ್ಡಿ, ಅಂದರೆ ಸುಮಾರು 14,978. ಅಸಲಿಗೆ 3,017 ಸೇರುತ್ತದೆ. ಕಂತು ಅಷ್ಟೇ ಇರುತ್ತದೆ, ಒಳಗಿನ ಪಾಲು ಬದಲಾಗುತ್ತಾ ಹೋಗುತ್ತದೆ. ಆದರೆ ಬಹಳ ನಿಧಾನ. ಐದು ವರ್ಷದಲ್ಲಿ ಹತ್ತಿರ ಹತ್ತಿರ 10.8 ಲಕ್ಷ ಕಟ್ಟಿದರೂ ಅಸಲು ಇಳಿಯುವುದು 2.26 ಲಕ್ಷ ಅಷ್ಟೇ. ಅಸಲಿನ ಪಾಲು ಬಡ್ಡಿಯನ್ನು ದಾಟುವುದು 13ನೇ ವರ್ಷದಲ್ಲಿ. ಹಾಗಾಗಿ ಕೈಯಲ್ಲಿ ದುಡ್ಡಿದ್ದರೆ ಶುರುವಿನಲ್ಲೇ ಕಟ್ಟಬೇಕು. ಮೊದಲ ಕಂತಾದ ಮೇಲೆ 1 ಲಕ್ಷ ಜಾಸ್ತಿ ಕಟ್ಟಿ ಕಂತನ್ನು ಹಾಗೇ ಇಟ್ಟುಕೊಂಡರೆ, ಸುಮಾರು ಎರಡೂವರೆ ವರ್ಷ ಮುಂಚೆಯೇ ಸಾಲ ತೀರುತ್ತದೆ. ನಾನಾದರೆ ‘ಅಸಲು-ಬಡ್ಡಿ ಪಟ್ಟಿ’ ಅನ್ನುತ್ತೇನೆ.

ಸಿಂಧನೂರಿನಿಂದ:
ನಮ್ಮ ಪಟ್ಟಿಯಲ್ಲಿ ಅಸಲಿನ ಕಾಲಂ ಪೂರ್ತಿ ಸೊನ್ನೆ! ಮನೆ ಇನ್ನೂ ಲಿಂಟಲ್ ಮಟ್ಟದಲ್ಲಿದೆ. ಇದಕ್ಕೆ ಯಾವ ಪದ?

ಬಳ್ಳಾರಿಯಿಂದ:
ಅದು ಬೇರೆ ವಿಷಯ. ಸಾಲ ಹಂತ ಹಂತವಾಗಿ ಬಿಡುಗಡೆಯಾಗುವಾಗ ಕೊಟ್ಟಷ್ಟಕ್ಕೆ ಬರೀ ಬಡ್ಡಿ ಕಟ್ಟಿಸಿಕೊಳ್ಳುತ್ತಾರೆ, ಪ್ರೀ-ಇಎಂಐ ಅಂತ. ಪೂರ್ತಿ ಕಂತು ಶುರುವಾಗುವವರೆಗೆ ಅಸಲು ಇಳಿಯುವುದಿಲ್ಲ. ಪೂರ್ತಿ ಕಂತು ಯಾವ ತಿಂಗಳಿಂದ ಅಂತ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ರಾಯಚೂರಿನಿಂದ:
ಲೆಕ್ಕ ಒಪ್ಪಿದೆ. ಆದರೆ ‘ಅಸಲು-ಬಡ್ಡಿ ಪಟ್ಟಿ’ ಅಂದರೆ ಸಾಲ ಕರಗುತ್ತಾ ಹೋಗುವುದು ಎಲ್ಲಿ ಕಾಣುತ್ತದೆ? ‘ಸಾಲ ತೀರಿಕೆ ಪಟ್ಟಿ’ ವಾಸಿ ಅಲ್ವಾ?

ಕೊಪ್ಪಳದಿಂದ:
ಚಿಕ್ಕಪ್ಪನಿಗೆ ಸದ್ಯ ‘ಅಸಲು-ಬಡ್ಡಿ ಪಟ್ಟಿ’ ಎಂದೇ ಬರೆಯುತ್ತೇನೆ. ಇನ್ನೊಂದು ತೊಡಕು ಕೊನೆಯ ಕಾಲಂನದು. ‘ಬಾಕಿ’ ಎಂದು ಬರೆದಿದ್ದೆ. ‘ನಾನು ಯಾವ ಕಂತೂ ಬಾಕಿ ಉಳಿಸಿಲ್ಲ’ ಎಂದು ಗಾಬರಿಯಾದರು. ‘ಉಳಿದ ಅಸಲು’ ಎಂದರೆ ಸಾಕೇ?