ಅಪ್‌ಡೇಟ್: ವೀರ್ಯದಲ್ಲಿ ರಕ್ತ, ವೈದ್ಯರನ್ನು ಕಂಡ ನಂತರ

ನನ್ನ ಪ್ರಶ್ನೆ: "ವಯಸ್ಸು 34. ವೀರ್ಯದಲ್ಲಿ ರಕ್ತ ಕಾಣಿಸಿದೆ, ನೋವಿಲ್ಲ. ಕ್ಯಾನ್ಸರ್ ಇರಬಹುದೇ?"

ಮೂತ್ರರೋಗ ತಜ್ಞರು ವೃಷಣ ಮತ್ತು ಪ್ರಾಸ್ಟೇಟನ್ನು ಪರೀಕ್ಷಿಸಿ, ರಕ್ತದೊತ್ತಡ ನೋಡಿ, ಮೂತ್ರ ಪರೀಕ್ಷೆಯನ್ನೂ ಲೈಂಗಿಕ ಸೋಂಕಿನ ಪರೀಕ್ಷೆಯನ್ನೂ ಮಾಡಿಸಿದರು, ಎಲ್ಲವೂ ಸಹಜವಾಗಿವೆ. ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಪ್ರಾಸ್ಟೇಟ್ ಅಥವಾ ವೀರ್ಯಕೋಶದ ಉರಿಯೂತವೋ ಸೋಂಕೋ ಕಾರಣವಾಗಿರುತ್ತದೆ, ಅನೇಕರಲ್ಲಿ ಕಾರಣವೇ ಸಿಗುವುದಿಲ್ಲ, ಕ್ಯಾನ್ಸರ್ ಬಹಳ ಅಪರೂಪವೆಂದು ವಿವರಿಸಿದರು.

ನನ್ನನ್ನು ಹೆಚ್ಚು ಹೆದರಿಸಿದ್ದು ಬಣ್ಣ ಕೆಂಪಿನಿಂದ ಕಂದಿಗೆ ತಿರುಗಿದ್ದು. ಆದರೆ ಅದು ಹೊಸ ರಕ್ತಸ್ರಾವವಲ್ಲ. ವೀರ್ಯಕೋಶದಲ್ಲಿ ಉಳಿದ ಹಳೆಯ ರಕ್ತ ಮುಂದಿನ ಹಲವು ಸ್ಖಲನಗಳಲ್ಲಿ ಹೀಗೆ ಹೊರಬರುತ್ತದೆ. ನನಗೂ ಔಷಧವಿಲ್ಲದೆ ಕ್ರಮೇಣ ತಿಳಿಯಾಯಿತು.

ರಕ್ತ ಒಂದು ತಿಂಗಳು ದಾಟಿದರೆ ಅಥವಾ ಮರುಕಳಿಸಿದರೆ, ಮೂತ್ರದಲ್ಲೂ ರಕ್ತ, ಜ್ವರ, ಉರಿಮೂತ್ರ ಇಲ್ಲವೇ ವೃಷಣದಲ್ಲಿ ಗಂಟು ಕಂಡರೆ, ಗುದದ್ವಾರದ ಮೂಲಕ ಮಾಡುವ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐನಂತಹ ಮುಂದಿನ ಪರೀಕ್ಷೆಗಳು ಬೇಕಾಗಬಹುದು.